ನಲವತ್ಮೂರು ಸೆಕೆಂಡಿನ ಕೂಲಿ

ಅಡಿಕೆ ಕೃಷಿಯ ಬಗ್ಗೆ ವಾರಕ್ಕೊಂದು ವಿಡಿಯೊ ಹಾಕುವ ಯೂಟ್ಯೂಬ್ ಚಾನೆಲ್ ಒಂದಿದೆ ಎಂದುಕೊಳ್ಳಿ. ತೋಟಕ್ಕೆ ಹೋಗಿ ಶೂಟ್ ಮಾಡುವವರೂ ಮಾತಾಡುವವರೂ ಮಾಲೀಕರೇ. ಅದನ್ನು ಕತ್ತರಿಸಿ ಜೋಡಿಸಿ ಕೊಡುವವನು ಮನೆಯಲ್ಲೇ ಕೂತು ಕೆಲಸ ಮಾಡುವ ಫ್ರೀಲಾನ್ಸ್ ಎಡಿಟರ್. ವಿಡಿಯೊಗೆ ಅವನಿಗೆ 3,000 ರೂಪಾಯಿ ಸಿಗುತ್ತಿದೆ, ಈಗ 4,500 ಕೇಳಬೇಕೆಂದಿದ್ದಾನೆ. ಇಂಥ ಬೇಡಿಕೆ ಸಾಮಾನ್ಯವಾಗಿ ವಾಟ್ಸ್ಆಪ್‌ನಲ್ಲಿ ‘ಸರ್, ಸ್ವಲ್ಪ ನೋಡಿ ಮಾಡಿ’ ಎಂದು ಹೋಗುತ್ತದೆ, ‘ಮುಂದಿನ ತಿಂಗಳು ನೋಡೋಣ’ ಎಂದು ವಾಪಸು ಬರುತ್ತದೆ. ನಮ್ಮ ಎಡಿಟರ್ ಅದರ ಬದಲು ಲೆಕ್ಕವಿರುವ ಒಂದು ಪತ್ರ ಬರೆಯಲು ಹೊರಟಿದ್ದಾನೆ. ಈ ಚಾನೆಲ್ಲು, ಇದರ ಅಂಕಿಗಳು ನನ್ನ ಕಲ್ಪನೆಯವು. ಲೆಕ್ಕ ಹಾಕುವ ಕ್ರಮ ಮಾತ್ರ ಯಾವ ಚಾನೆಲ್ಲಿಗೂ ಹೊಂದುವಂಥದ್ದು.

ಲೆಕ್ಕದ ಮೂಲ ಇರುವುದು ಯೂಟ್ಯೂಬ್ ಸ್ಟುಡಿಯೊದ ರಿಟೆನ್ಷನ್ ಗ್ರಾಫಿನಲ್ಲಿ. ವಿಡಿಯೊದ ಯಾವ ಕ್ಷಣದಲ್ಲಿ ನೂರಕ್ಕೆ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಎಂಬುದನ್ನು ತೋರಿಸುವ ಗೆರೆ ಅದು. ಎಡಭಾಗದಲ್ಲಿ ಎತ್ತರದಿಂದ ಶುರುವಾಗಿ, ಮೊದಲ ಅರ್ಧ ನಿಮಿಷದಲ್ಲಿ ಧಡಕ್ಕನೆ ಇಳಿದು, ಆಮೇಲೆ ನಿಧಾನವಾಗಿ ಜಾರುತ್ತ ಹೋಗುತ್ತದೆ. 30ನೇ ಸೆಕೆಂಡಿಗೆ ಎಷ್ಟು ಜನ ಉಳಿದರು ಎಂಬುದನ್ನು ಸ್ಟುಡಿಯೊ ಬೇರೆಯಾಗಿಯೇ ಹೇಳುತ್ತದೆ. ಒಬ್ಬ ನೋಡುಗ ಸರಾಸರಿ ಎಷ್ಟು ಹೊತ್ತು ನೋಡಿದ ಎಂಬುದೂ ಅಲ್ಲಿಯೇ ಸಿಗುತ್ತದೆ. ಯೂಟ್ಯೂಬ್ 2012ರಲ್ಲಿ ಬರೀ ವ್ಯೂಸ್ ಎಣಿಸುವುದನ್ನು ಬಿಟ್ಟು, ಜನ ಎಷ್ಟು ಹೊತ್ತು ನೋಡುತ್ತಾರೆ ಎಂಬುದಕ್ಕೆ ಶಿಫಾರಸಿನಲ್ಲಿ ತೂಕ ಕೊಡಲು ಶುರು ಮಾಡಿತು. ಈ ಗೆರೆಗೆ ಬೆಲೆ ಬಂದದ್ದು ಅಲ್ಲಿಂದ.

ಎಡಿಟರ್ ಮಾಡಿದ ಕೆಲಸ ಏನು? ಹಳೆಯ ವಿಡಿಯೊಗಳು ಹನ್ನೆರಡು ಸೆಕೆಂಡಿನ ಲೋಗೊ ಮತ್ತು ಸಂಗೀತದಿಂದ ಶುರುವಾಗುತ್ತಿದ್ದವು. ಅದು ಮುಗಿದ ಮೇಲೆ ‘ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ’ ಎಂಬ ಕೋರಿಕೆ. ಅವನು ಲೋಗೊವನ್ನು ಎರಡು ಸೆಕೆಂಡಿಗೆ ಇಳಿಸಿದ, ಕೋರಿಕೆಯನ್ನು ಕೊನೆಗೆ ತಳ್ಳಿದ, ಕೊಳೆರೋಗದಿಂದ ಉದುರಿ ಬಿದ್ದ ಕಾಯಿಗಳ ದೃಶ್ಯವನ್ನು ಮೊದಲಿಗೇ ತಂದ. ಗ್ರಾಫ್ ಹಳ್ಳ ಬಿದ್ದ ಜಾಗಗಳನ್ನು ತೆಗೆದು ನೋಡಿದಾಗ ಹೆಚ್ಚಿನವು ತೋಟದಲ್ಲಿ ಸುಮ್ಮನೆ ನಡೆದಾಡುವ ದೃಶ್ಯಗಳಾಗಿದ್ದವು. ಅವನ್ನೆಲ್ಲ ಕತ್ತರಿಸಿದ.

ಗ್ರಾಫ್ ಮೇಲೆದ್ದ ಜಾಗವೂ ಒಂದಿತ್ತು, ಬೋರ್ಡೋ ದ್ರಾವಣದ ಪ್ರಮಾಣ ಹೇಳುವ ಜಾಗ. ಶೇಕಡಾ ಒಂದರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು. ಮಾಲೀಕರು ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಬರೆದುಕೊಳ್ಳಲಾಗದೆ ಜನ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಿದ್ದರು. ಎಡಿಟರ್ ಆ ಮೂರು ಸಾಲನ್ನು ಎಂಟು ಸೆಕೆಂಡು ಪರದೆಯ ಮೇಲೆ ನಿಲ್ಲಿಸಿದ ಮೇಲೆ ಆ ಏರು ಚಪ್ಪಟೆಯಾಯಿತು. ಗ್ರಾಫನ್ನಷ್ಟೇ ನೋಡುವವರು ಇದನ್ನು ನಷ್ಟ ಎನ್ನಬಹುದು, ಆದರೆ ಕೆಲಸ ಸರಿಯಾಗಿದೆ ಎಂಬುದಕ್ಕೆ ಇದೇ ಗುರುತು. ಏರುಗಳೆಲ್ಲ ಮೆಚ್ಚುಗೆಯಲ್ಲ, ಕೆಲವು ‘ಅರ್ಥವಾಗಲಿಲ್ಲ’ ಎಂಬ ದೂರುಗಳು.

ಇನ್ನು ಹೋಲಿಕೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ತನ್ನ ಅತ್ಯುತ್ತಮ ವಿಡಿಯೊವನ್ನು ಹಳೆಯ ಕಳಪೆ ವಿಡಿಯೊದ ಪಕ್ಕದಲ್ಲಿಟ್ಟು ‘ನೋಡಿ ಸರ್’ ಎಂದರೆ, ಮಾಲೀಕರು ಅದಕ್ಕೆ ಉಲ್ಟಾ ಇರುವ ಒಂದು ಜೋಡಿಯನ್ನು ತೆಗೆದು ತೋರಿಸಿಯಾರು. ಅಡಿಕೆ ಚಾನೆಲ್ಲಿನಲ್ಲಿ ಇನ್ನೊಂದು ಬಲೆಯೂ ಇದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದಾಗ ಕೊಳೆರೋಗದ ವಿಡಿಯೊ ಹುಡುಕಿ ಬರುವ ರೈತನಿಗೆ ಔಷಧಿ ಬೇಕೇ ಬೇಕು, ಎಡಿಟಿಂಗ್ ಹೇಗಿದ್ದರೂ ಅವನು ಕೂತು ನೋಡುತ್ತಾನೆ. ಜನವರಿಯಲ್ಲಿ ಅದೇ ವಿಡಿಯೊವನ್ನು ಹೊತ್ತು ಕಳೆಯಲು ನೋಡುವವನು ಬೇಗ ಎದ್ದು ಹೋಗುತ್ತಾನೆ. ಹಾಗಾಗಿ ಮಳೆಗಾಲದ ಹೊಸ ವಿಡಿಯೊವನ್ನು ಬೇಸಿಗೆಯ ಹಳೆಯದರೊಂದಿಗೆ ಹೋಲಿಸಿದರೆ ಮಳೆಯ ಕೂಲಿಯನ್ನು ಎಡಿಟರ್ ತನ್ನದೆಂದು ಕೇಳಿದಂತಾಗುತ್ತದೆ.

ಆದ್ದರಿಂದ ಕಳೆದ ಮಳೆಗಾಲದ ಆರು ಹಳೆಯ ವಿಡಿಯೊ, ಈ ಮಳೆಗಾಲದ ಆರು ಹೊಸ ವಿಡಿಯೊಗಳನ್ನು ಅವನು ಆರಿಸಿಕೊಂಡ. ಎಲ್ಲವೂ 10ರಿಂದ 13 ನಿಮಿಷದವು. ಆರು ನಿಮಿಷದ ವಿಡಿಯೊವನ್ನು ಹನ್ನೆರಡು ನಿಮಿಷದ್ದರ ಜತೆ ತೂಗುವಂತಿಲ್ಲ, ಉದ್ದ ಹೆಚ್ಚಾದಂತೆ ಶೇಕಡಾವಾರು ತಾನಾಗಿ ಇಳಿಯುತ್ತದೆ. ಎಲ್ಲದರದ್ದೂ ಪ್ರಕಟವಾದ ಮೊದಲ 28 ದಿನಗಳ ಅಂಕಿಯನ್ನಷ್ಟೇ ತೆಗೆದುಕೊಂಡ. 30ನೇ ಸೆಕೆಂಡಿಗೆ ಉಳಿದವರು ಶೇ. 51 ಇದ್ದದ್ದು ಶೇ. 63 ಆಗಿತ್ತು. ಸರಾಸರಿ ನೋಡಿದ ಹೊತ್ತು 3 ನಿಮಿಷ 30 ಸೆಕೆಂಡಿನಿಂದ 4 ನಿಮಿಷ 20 ಸೆಕೆಂಡಿಗೆ ಏರಿತ್ತು. ಐವತ್ತು ಸೆಕೆಂಡು ಲಾಭ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ನೋಡುಗರು ಎಲ್ಲಿಂದ ಬಂದರು? ಹಳೆಯ ಆರರಲ್ಲಿ ಅರ್ಧ ಜನ ಹುಡುಕಿ ಬಂದವರು, ಉಳಿದರ್ಧ ಯೂಟ್ಯೂಬ್ ಮುಖಪುಟದಲ್ಲಿ ಕಂಡು ಒತ್ತಿದವರು. ಹೊಸ ಆರರಲ್ಲಿ ಹುಡುಕಿ ಬಂದವರ ಪಾಲು ಶೇ. 60ಕ್ಕೆ ಏರಿತ್ತು. ಹುಡುಕಿ ಬಂದವರು ಹಳೆಯ ವಿಡಿಯೊಗಳನ್ನೇ 4 ನಿಮಿಷ 5 ಸೆಕೆಂಡು ನೋಡುತ್ತಿದ್ದರು, ಮುಖಪುಟದವರು 2 ನಿಮಿಷ 55 ಸೆಕೆಂಡು. ಅಂದರೆ ಎಡಿಟರ್ ಕೈಕಟ್ಟಿ ಕೂತಿದ್ದರೂ, ಬರೀ ಜನರ ಪಾಲು ಬದಲಾದದ್ದರಿಂದಲೇ ಸರಾಸರಿ 3 ನಿಮಿಷ 37 ಸೆಕೆಂಡು ಆಗುತ್ತಿತ್ತು. ಐವತ್ತರಲ್ಲಿ ಏಳು ಸೆಕೆಂಡು ಅವನದಲ್ಲ. ಉಳಿದ 43 ಸೆಕೆಂಡನ್ನು ಅವನು ಧೈರ್ಯವಾಗಿ ಕೇಳಬಹುದು, ಏಕೆಂದರೆ ಹುಡುಕಿ ಬಂದವರ ಹೊತ್ತು 4 ನಿಮಿಷ 40 ಸೆಕೆಂಡಿಗೂ ಮುಖಪುಟದವರದು 3 ನಿಮಿಷ 50 ಸೆಕೆಂಡಿಗೂ ಏರಿತ್ತು. ಎರಡೂ ಗುಂಪಿನಲ್ಲಿ ಏರಿದ್ದೇ ಅವನ ಗಟ್ಟಿ ಸಾಕ್ಷಿ. ಆ ಏಳು ಸೆಕೆಂಡನ್ನು ಪತ್ರದಲ್ಲಿ ತಾನಾಗಿ ಬಿಟ್ಟುಕೊಟ್ಟರೆ ಉಳಿದದ್ದನ್ನು ಯಾರೂ ಕೆದಕುವುದಿಲ್ಲ ಎಂದು ನನಗನಿಸುತ್ತದೆ.

ಸೆಕೆಂಡು ರೂಪಾಯಿಯಾಗುವುದು ಹೇಗೆ? ಎಂಟು ನಿಮಿಷ ಮೀರಿದ ವಿಡಿಯೊದ ನಡುವೆ ಜಾಹೀರಾತು ಹಾಕಬಹುದು, ಆ ಆದಾಯದಲ್ಲಿ ಶೇ. 55 ಚಾನೆಲ್ಲಿಗೆ. ನಾಲ್ಕನೇ ನಿಮಿಷ ತಲಪುವವರು ಶೇ. 36ರಿಂದ 45 ಆಗಿದ್ದರು. ಹುಡುಕಾಟದ ಪಾಲನ್ನು ಕಳೆದು ಏರಿಕೆ ಬರೀ 7 ಎಂದು ಹಿಡಿದರೂ, ಇಪ್ಪತ್ತು ಸಾವಿರ ವ್ಯೂಸ್‌ನ ವಿಡಿಯೊದಲ್ಲಿ 1,400 ಜನ ಹೆಚ್ಚು. ಚೆನ್ನಾಗಿದೆ ಅನ್ನಿಸುತ್ತದೆ, ಅಲ್ಲವೇ? ಆದರೆ ಸಾವಿರ ಜನಕ್ಕೆ ಚಾನೆಲ್ಲಿನ ಕೈಗೆ ನೂರು ರೂಪಾಯಿ ಬಂತು ಎಂದುಕೊಂಡರೂ ಅದು 140 ರೂಪಾಯಿ. 140 ತೋರಿಸಿ 1,500 ಕೇಳಿದರೆ ಮಾಲೀಕರು ನಗುತ್ತಾರೆ.

ನಿಜವಾದ ದುಡ್ಡಿರುವುದು ಪ್ರಾಯೋಜಕರಲ್ಲಿ. ಔಷಧಿ ಹೊಡೆಯುವ ಫೈಬರ್ ದೋಟಿ ಮಾರುವ ಕಂಪನಿಯೊಂದು ನಾಲ್ಕನೇ ನಿಮಿಷದಲ್ಲಿ ತನ್ನ ಹೆಸರು ಹೇಳಿಸಲು 15,000 ಕೊಡುತ್ತಿದೆ ಎಂದುಕೊಳ್ಳಿ. ಮೊದಲು ಆ ಮಾತು ಮುಟ್ಟುತ್ತಿದ್ದದ್ದು 7,200 ಜನಕ್ಕೆ, ಈಗ ಕಡಿಮೆಯೆಂದರೂ 8,600. ತಲೆಗೆ ಅದೇ ದರ ಹಿಡಿದರೆ ಮುಂದಿನ ಒಪ್ಪಂದದಲ್ಲಿ ಸುಮಾರು 17,900 ಕೇಳಬಹುದು. ಆರರಲ್ಲಿ ನಾಲ್ಕು ವಿಡಿಯೊಗೆ ಪ್ರಾಯೋಜಕರಿದ್ದರೆ ಮಾಲೀಕರಿಗೆ 11,600 ಹೆಚ್ಚು ಬರುತ್ತದೆ, ಆರು ವಿಡಿಯೊಗೆ ಎಡಿಟರ್ ಕೇಳುವುದು 9,000 ಹೆಚ್ಚು. ಪ್ರಾಯೋಜಕರೇ ಇಲ್ಲದ ಚಾನೆಲ್ಲಿನಲ್ಲಿ ಈ ವಾದ ನಿಲ್ಲುವುದಿಲ್ಲ. ಅಲ್ಲಿ ದರ ಏರಿಸುವುದು ಕಷ್ಟ ಎಂಬುದನ್ನು ಒಪ್ಪಿಕೊಳ್ಳಬೇಕು.

ಇಷ್ಟಾದ ಮೇಲೆ ಪತ್ರ ಚಿಕ್ಕದಾಗಿಯೇ ಇರಬಹುದು:

“ಸರ್, ನಮಸ್ಕಾರ. ಮುಂದಿನ ತಿಂಗಳ ಮೊದಲ ವಿಡಿಯೊದಿಂದ ನನ್ನ ದರವನ್ನು 3,000ದಿಂದ 4,500ಕ್ಕೆ ಏರಿಸಬೇಕೆಂದು ಕೇಳಲು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದ ಆರು, ಈ ಮಳೆಗಾಲದ ಆರು ವಿಡಿಯೊಗಳ ಪಟ್ಟಿ ಜೊತೆಗಿದೆ. ಎಲ್ಲವೂ ಮೊದಲ 28 ದಿನದ ಅಂಕಿ. ಒಬ್ಬರು ಸರಾಸರಿ ನೋಡುವ ಹೊತ್ತು 50 ಸೆಕೆಂಡು ಹೆಚ್ಚಿದೆ. ಅದರಲ್ಲಿ 7 ಸೆಕೆಂಡು ಹುಡುಕಿ ಬರುವವರು ಹೆಚ್ಚಾದದ್ದರಿಂದ, ಅದು ನನ್ನ ಕೆಲಸವಲ್ಲ. ಉಳಿದದ್ದು ಶುರುವಿನ ಲೋಗೊ ಕತ್ತರಿಸಿದ್ದು, ಪ್ರಮಾಣಗಳನ್ನು ಪರದೆಯ ಮೇಲೆ ಬರೆದದ್ದು, ನಡುವಿನ ಖಾಲಿ ದೃಶ್ಯ ತೆಗೆದದ್ದರಿಂದ ಬಂದದ್ದೆಂದು ನನ್ನ ಅಂದಾಜು. ವಿಷಯ ಆರಿಸಿದ್ದೂ ಮಾತಾಡಿದ್ದೂ ನೀವು. ಅದರ ಪಾಲು ಎಷ್ಟೆಂದು ಅಳೆಯಲು ನನ್ನಲ್ಲಿ ದಾರಿಯಿಲ್ಲ.

ಪ್ರಾಯೋಜಕರ ಮಾತು ಬರುವ ನಾಲ್ಕನೇ ನಿಮಿಷಕ್ಕೆ ಈಗ ಪ್ರತಿ ವಿಡಿಯೊದಲ್ಲಿ ಸುಮಾರು 1,400 ಜನ ಹೆಚ್ಚು ಉಳಿಯುತ್ತಿದ್ದಾರೆ. ಮುಂದಿನ ಒಪ್ಪಂದದ ಮಾತಿಗೆ ಈ ಗ್ರಾಫ್ ತೋರಿಸಬಹುದು, ಬೇಕಿದ್ದರೆ ನಾನೇ ಒಂದು ಪುಟ ಮಾಡಿಕೊಡುತ್ತೇನೆ. ಮೊದಲು ಒಂದು ವಿಡಿಯೊಗೆ 8 ಗಂಟೆ ಹಿಡಿಯುತ್ತಿತ್ತು, ಈ ಕೆಲಸಗಳೆಲ್ಲ ಸೇರಿ ಈಗ 12 ಗಂಟೆ. 4,500 ಅಂದರೆ ಗಂಟೆಗೆ ಮೊದಲಿದ್ದ ದರವೇ.

ನಾಲ್ಕು ವಿಡಿಯೊ ಈ ದರದಲ್ಲಿ ಮಾಡೋಣ. ಆಮೇಲೆ ಇಬ್ಬರೂ ಕೂತು ಅಂಕಿ ನೋಡಿ ಮುಂದಿನದು ತೀರ್ಮಾನಿಸೋಣ.”

ಪತ್ರದಲ್ಲಿ ಮಾಲೀಕರ ಆದಾಯದ ಊಹೆ ಎಲ್ಲಿಯೂ ಇಲ್ಲ. ಜನರ ಸಂಖ್ಯೆ ಕೊಟ್ಟು ದರದ ಲೆಕ್ಕವನ್ನು ಅವರಿಗೇ ಬಿಟ್ಟಿದ್ದಾನೆ. ಗಂಟೆಯ ಮಾತು ಕೊನೆಯಲ್ಲಿರುವುದೂ ಸರಿ. ಎಡಿಟರ್ ಎಷ್ಟು ಹೊತ್ತು ದುಡಿದ ಎಂಬುದಕ್ಕೆ ಯಾವ ಮಾಲೀಕರೂ ದುಡ್ಡು ಕೊಡುವುದಿಲ್ಲ, ಆದರೆ 4,500 ಎಂಬ ಅಂಕಿ ಎಲ್ಲಿಂದ ಬಂತು ಎಂದು ಕೇಳಿದಾಗ ಉತ್ತರ ಇರಬೇಕು.

‘ಹಾಗಾದರೆ ರಿಟೆನ್ಷನ್ ಏರಿದಷ್ಟು ದುಡ್ಡು ತಗೋ’ ಎಂದು ಮಾಲೀಕರು ಹೇಳಿದರೆ ಒಪ್ಪಬಾರದು. ಮುಂದಿನ ವಿಷಯ ಯಾವುದು, ಆಡಿಯೊ ಹೇಗೆ ಬರುತ್ತದೆ, ಥಂಬ್‌ನೇಲ್ ಏನು ಭರವಸೆ ಕೊಡುತ್ತದೆ ಎಂಬುದು ಎಡಿಟರನ ಕೈಯಲ್ಲಿಲ್ಲ. ಅದೂ ಅಲ್ಲದೆ ವಿಡಿಯೊ ಓಡಿ ಹೊಸಬರಿಗೆ ಹರಡಿದಂತೆ ರಿಟೆನ್ಷನ್ ಸಾಮಾನ್ಯವಾಗಿ ಇಳಿಯುತ್ತದೆ. ಗೆದ್ದ ವಿಡಿಯೊಗೇ ಕೂಲಿ ಕಡಿತವಾಗುವ ಒಪ್ಪಂದ ಅದು. ನಿಗದಿತ ದರ ಇರಲಿ, ಬೇಕಿದ್ದರೆ ಅದರ ಮೇಲೊಂದು ಬೋನಸ್.

ಈ ಕೆಲಸದಲ್ಲಿರುವವರಿಗೆ ಒಂದು ಮಾತು. ಆದಾಯ ಕಾಣಿಸದೆ ಅಂಕಿಅಂಶ ಮಾತ್ರ ಕಾಣಿಸುವ ಅನುಮತಿ ಸ್ಟುಡಿಯೊದಲ್ಲಿದೆ. ಕೆಲಸ ಒಪ್ಪಿಕೊಳ್ಳುವಾಗಲೇ ಅದನ್ನು ಕೇಳಿ, ಹಳೆಯ ವಿಡಿಯೊಗಳ ಅಂಕಿಯನ್ನು ಮಾಲೀಕರ ಒಪ್ಪಿಗೆಯಿಂದ ಆಗಲೇ ಬರೆದಿಟ್ಟುಕೊಳ್ಳಿ. ಅನುಮತಿ ಹಿಂದಕ್ಕೆ ಪಡೆದ ಮೇಲೆ ಆ ಗ್ರಾಫ್ ನಿಮಗೆ ಸಿಗುವುದಿಲ್ಲ.