‘ಪೆಂಡಿಂಗ್’ ಬಿಟ್‌ಕಾಯಿನ್ ಎಲ್ಲಿರುತ್ತದೆ?

2023ರ ಮೇ ಮೊದಲ ವಾರದ ಕೊನೆಯಲ್ಲಿ ಬೈನಾನ್ಸ್ ಎಂಬ ದೈತ್ಯ ಕ್ರಿಪ್ಟೊ ಎಕ್ಸ್‌ಚೇಂಜ್ ಗ್ರಾಹಕರು ಬಿಟ್‌ಕಾಯಿನ್ ಹೊರತೆಗೆಯುವುದನ್ನು ಬೆನ್ನುಬೆನ್ನಿಗೆ ಎರಡು ಸಲ ನಿಲ್ಲಿಸಿತು. ಕಳ್ಳತನವಾಗಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ಬಿಆರ್‌ಸಿ-20 ಎಂಬ ಹೊಸ ಬಗೆಯ ಟೋಕನ್‌ಗಳ ಹುಚ್ಚು ಹಬ್ಬಿ ಬಿಟ್‌ಕಾಯಿನ್ ಜಾಲದಲ್ಲಿ ಲಕ್ಷಗಟ್ಟಲೆ ವಹಿವಾಟುಗಳು ಬಾಕಿ ಬಿದ್ದಿದ್ದವು. ಶುಲ್ಕ ಗಗನಕ್ಕೇರಿತ್ತು. ಬೈನಾನ್ಸ್ ಕಳಿಸಿದ್ದ ವಹಿವಾಟುಗಳಲ್ಲಿ ಹಳೆಯ ದರದ ಶುಲ್ಕವೇ ಇತ್ತು, ಹಾಗಾಗಿ ಅವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಕಡೆಗೆ ಅದೇ ವಹಿವಾಟುಗಳನ್ನು ಹೆಚ್ಚಿನ ಶುಲ್ಕ ಹಾಕಿ ಬದಲಾಯಿಸುತ್ತಿದ್ದೇವೆ ಎಂದು ಕಂಪನಿಯೇ ಪ್ರಕಟಿಸಿತು.

ಕಳಿಸಿಯಾದ ಹಣದ ಶುಲ್ಕವನ್ನು ಆಮೇಲೆ ಏರಿಸುವುದು ಹೇಗೆ? ಯುಪಿಐಯಲ್ಲಿ ‘ಪೆಂಡಿಂಗ್’ ಎಂದು ಬಂದರೆ ಹಣ ನಮ್ಮ ಬ್ಯಾಂಕಿನಲ್ಲಿದೆಯೋ ಅವರ ಬ್ಯಾಂಕಿನಲ್ಲಿದೆಯೋ ಎಂದು ಹುಡುಕುತ್ತೇವೆ, ಕೇಳಲು ಒಂದು ಕಚೇರಿಯಾದರೂ ಇರುತ್ತದೆ. ಬಿಟ್‌ಕಾಯಿನ್‌ನಲ್ಲಿ ಪೆಂಡಿಂಗ್ ಎಂದರೆ ಹಣ ಇನ್ನೂ ಹೊರಟೇ ಇಲ್ಲ. ಹೊರಟಿರುವುದು ಸಹಿ ಹಾಕಿದ ಒಂದು ಆಜ್ಞಾಪತ್ರ ಮಾತ್ರ: ‘ನನ್ನ ಈ ನಾಣ್ಯವನ್ನು ಒಡೆದು ಇಷ್ಟನ್ನು ಆ ವಿಳಾಸಕ್ಕೆ ಕೊಡಿ, ಚಿಲ್ಲರೆಯನ್ನು ನನಗೇ ವಾಪಸ್ ಮಾಡಿ.’ ಚಿಲ್ಲರೆ ಲೆಕ್ಕದಲ್ಲಿ ಉಳಿಸಿ ಬಿಟ್ಟದ್ದೇ ಶುಲ್ಕ.

ಈ ಪತ್ರ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡುತ್ತದೆ. ಪ್ರತಿಯೊಂದು ಕಂಪ್ಯೂಟರ್, ಅಂದರೆ ನೋಡ್, ಸಹಿ ಸರಿಯಿದೆಯೇ, ನಾಣ್ಯ ಈಗಾಗಲೇ ಖರ್ಚಾಗಿಲ್ಲವಷ್ಟೇ ಎಂದು ನೋಡಿ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೇ ಮೆಂಪೂಲ್ ಎನ್ನುವುದು. ಇಡೀ ಜಗತ್ತಿಗೆ ಒಂದೇ ಮೆಂಪೂಲ್ ಎಂಬುದಿಲ್ಲ, ನೋಡ್‌ಗಳಿರುವಷ್ಟು ಮೆಂಪೂಲ್‌ಗಳಿವೆ. ಅವುಗಳಲ್ಲಿರುವುದು ಹೆಚ್ಚುಕಡಿಮೆ ಒಂದೇ, ಪೂರ್ತಿ ಒಂದೇ ಅಲ್ಲ. mempool.space ಥರದ ತಾಣದಲ್ಲಿ ಕಾಣುವ ಚಿತ್ರವೂ ಆ ತಾಣದ ನೋಡ್‌ಗಳಿಗೆ ಕಂಡಷ್ಟೇ.

ಅಲ್ಲಿಂದ ಆಯ್ದು ಬ್ಲಾಕ್‌ಗೆ ಸೇರಿಸುವವರು ಮೈನರ್‌ಗಳು. ಅವರಿಗೆ ಯಾರು ಮೊದಲು ಬಂದರು ಎಂಬುದು ಮುಖ್ಯವಲ್ಲ, ಬ್ಲಾಕ್‌ನಲ್ಲಿ ಜಾಗ ಸೀಮಿತ ಎಂಬುದು ಮುಖ್ಯ. ಲೆಕ್ಕಕ್ಕೆ ಹತ್ತು ಲಕ್ಷ ವರ್ಚುವಲ್ ಬೈಟ್ ಎನ್ನೋಣ. ಹಾಗಾಗಿ ಬೈಟಿಗೆ ಎಷ್ಟು ಸತೋಶಿ ಸಿಗುತ್ತದೆ ಎಂದು ನೋಡುತ್ತಾರೆ. ಒಂದು ಬಿಟ್‌ಕಾಯಿನ್‌ಗೆ ಹತ್ತು ಕೋಟಿ ಸತೋಶಿ. ಕಳಿಸುವ ಮೊತ್ತ ದೊಡ್ಡದೋ ಚಿಕ್ಕದೋ, ಅದಕ್ಕೆ ಬೆಲೆಯಿಲ್ಲ. ಒಂದೇ ನಾಣ್ಯ ಒಡೆಯುವ ಸಾದಾ ವಹಿವಾಟು ಈಗಿನ ವಾಲೆಟ್‌ಗಳಲ್ಲಿ ಸುಮಾರು 141 ಬೈಟ್ ಹಿಡಿಯುತ್ತದೆ. ಹತ್ತು ಪುಡಿ ನಾಣ್ಯಗಳನ್ನು ಕೂಡಿಸಿ ಕಳಿಸಿದರೆ ಅದೇ 750ರ ಹತ್ತಿರ ಹೋಗುತ್ತದೆ. ಅದಕ್ಕೆ 5,000 ಸತೋಶಿ ಕೊಟ್ಟವನು, 141 ಬೈಟಿಗೆ 1,410 ಕೊಟ್ಟವನ ಹಿಂದೆ ಉಳಿಯುತ್ತಾನೆ. ಜಾಸ್ತಿ ಕೊಟ್ಟೂ ತಡವಾಯಿತು ಎಂಬ ದೂರಿನ ಮೂಲ ಅನೇಕ ಸಲ ಇದೇ.

ಒಬ್ಬಾಕೆಯ ಲೆಕ್ಕವನ್ನೇ ನೋಡೋಣ. ಅವಳ ಬಳಿ 50 ಲಕ್ಷ ಸತೋಶಿಯ ಒಂದು ನಾಣ್ಯವಿದೆ, 30 ಲಕ್ಷ ಕಳಿಸಬೇಕು. ಜಾಲ ಬಿಡುವಾಗಿದ್ದ ಹೊತ್ತಿನಲ್ಲಿ ಬೈಟಿಗೆ 10 ಸತೋಶಿಯಂತೆ 1,410 ಶುಲ್ಕ ಇಟ್ಟಳು. ಚಿಲ್ಲರೆಯಾಗಿ ತನಗೆ 19,98,590 ಬರಬೇಕು. ಅಷ್ಟರಲ್ಲಿ ನೂಕುನುಗ್ಗಲು ಶುರುವಾಗಿ ಮುಂದಿನ ಬ್ಲಾಕ್‌ನ ದರ 40ಕ್ಕೆ ಏರಿತು. 10ರ ದರದವರು ಈಗ ಎಷ್ಟೋ ಬ್ಲಾಕ್‌ಗಳಷ್ಟು ಹಿಂದೆ. ಹೊಸಬರು 40, 50 ಇಟ್ಟು ಮುಂದೆ ನುಗ್ಗುತ್ತಲೇ ಇದ್ದರೆ ಇವಳು ಹಿಂದಕ್ಕೇ ಸರಿಯುತ್ತಾಳೆ.

ಇಲ್ಲಿ ಎರಡು ಬಗೆಯ ಕಾಯುವಿಕೆಯನ್ನು ಬೇರೆ ಮಾಡಿ ನೋಡಬೇಕು. ಬ್ಲಾಕ್ ಹತ್ತು ನಿಮಿಷಕ್ಕೊಂದು ಬರುತ್ತದೆ ಎನ್ನುವುದು ಬರೀ ಸರಾಸರಿ. ಅರ್ಧ ಗಂಟೆ ಮೀರುವ ಅಂತರ ನೂರರಲ್ಲಿ ಐದು ಸಲ ಬರುತ್ತದೆ, ಅದಕ್ಕೆ ಗಾಬರಿಪಟ್ಟು ಶುಲ್ಕ ಏರಿಸುವುದು ದಂಡ. ಬ್ಲಾಕ್‌ಗಳು ಒಂದರ ಮೇಲೊಂದು ಬರುತ್ತಿದ್ದೂ ನಮ್ಮದು ಸೇರದಿದ್ದರೆ ಮಾತ್ರ ತೊಂದರೆ ಶುಲ್ಕದ್ದು. ಆಗ ಬೇಕಾಗುವುದು ಬದಲಿ ವಹಿವಾಟು. ವಾಲೆಟ್‌ಗಳಲ್ಲಿ ಇದು RBF ಅಥವಾ Bump fee ಎಂಬ ಹೆಸರಿನಲ್ಲಿ ಕಾಣುತ್ತದೆ.

ಅದನ್ನು ಒತ್ತಿದಾಗ ಹಳೆಯ ಪತ್ರ ತಿದ್ದುಪಡಿಯಾಗುವುದಿಲ್ಲ. ಅದೇ 50 ಲಕ್ಷದ ನಾಣ್ಯವನ್ನು ಖರ್ಚು ಮಾಡುವ ಇನ್ನೊಂದು ಪತ್ರ ತಯಾರಾಗುತ್ತದೆ. ಈ ಸಲ ದರ 45, ಶುಲ್ಕ 6,345, ಚಿಲ್ಲರೆ 19,93,655. ಪಡೆಯುವವರ 30 ಲಕ್ಷ ಹಾಗೆಯೇ ಇರುತ್ತದೆ. ಹೊಸ ಪತ್ರದ ಒಟ್ಟು ಶುಲ್ಕವೂ ದರವೂ ಹಳೆಯದಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ನೋಡ್‌ಗಳು ಹಳೆಯದನ್ನು ಎಸೆದು ಹೊಸದನ್ನು ಇಟ್ಟುಕೊಳ್ಳುತ್ತವೆ. 1,600 ಸತೋಶಿ ಕೊಟ್ಟರೂ ಅವು ಬದಲಿಯನ್ನು ಒಪ್ಪಿಯಾವು, ಆದರೆ 40ರ ಸಂತೆಯಲ್ಲಿ 11ರ ದರಕ್ಕೆ ಕ್ಯಾರೇ ಅನ್ನುವವರಿಲ್ಲ. ಏರಿಸುವುದಾದರೆ ಅಂದಿನ ದರ ನೋಡಿ ಒಮ್ಮೆಗೇ ಏರಿಸಬೇಕು.

ಬದಲಿಗೆ ಹೊಸ ಗುರುತು ಸಂಖ್ಯೆ ಬರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಪಡೆಯುವವರು ಹಳೆಯ ಸಂಖ್ಯೆಯನ್ನೇ ಹುಡುಕಿ, ‘ನಿಮ್ಮ ವಹಿವಾಟೇ ಇಲ್ಲವಲ್ಲ!’ ಎಂದು ಜಗಳಕ್ಕೆ ಬರುವುದುಂಟು. ಇದಕ್ಕಿಂತ ದುಬಾರಿಯದು ಇನ್ನೊಂದಿದೆ. ಬದಲಿ ಮಾಡುವ ಗೋಜಿಗೆ ಹೋಗದೆ ವಾಲೆಟ್‌ನಲ್ಲಿ ಮತ್ತೊಮ್ಮೆ ‘ಕಳಿಸು’ ಒತ್ತಿದರೆ, ಅದು ಬೇರೊಂದು ನಾಣ್ಯವನ್ನು ತೆಗೆದುಕೊಳ್ಳಬಹುದು. ಆಗ ಎರಡು ಪತ್ರಗಳಿಗೂ ಪರಸ್ಪರ ವಿರೋಧವಿಲ್ಲ. ಇಂದು ಒಂದು, ನಾಳೆ ಇನ್ನೊಂದು ಬ್ಲಾಕ್ ಸೇರಿ ಎರಡು ಸಲ ಪಾವತಿಯಾಗುತ್ತದೆ. ಒಂದೇ ನಾಣ್ಯದ ಮೇಲೆ ಬರೆದ ಪತ್ರಗಳಲ್ಲಿ ಮಾತ್ರ ಒಂದು ಗೆದ್ದರೆ ಇನ್ನೊಂದು ಸಾಯುತ್ತದೆ.

ಸುಮ್ಮನೆ ಬಿಟ್ಟರೂ ಕೆಲವು ತಾವಾಗಿ ಕಾಣೆಯಾಗುತ್ತವೆ. ಬಿಟ್‌ಕಾಯಿನ್ ಕೋರ್ ತಂತ್ರಾಂಶದಲ್ಲಿ ಮೆಂಪೂಲ್‌ನ ರೂಢಿಯ ಮಿತಿ 300 ಎಂಬಿ. ಅದು ತುಂಬಿದರೆ ಅತಿ ಕಡಿಮೆ ದರದವು ಮೊದಲು ಹೊರಬೀಳುತ್ತವೆ, ಹದಿನಾಲ್ಕು ದಿನ ಕಳೆದವೂ ಹೊರಬೀಳುತ್ತವೆ. ವಾಲೆಟ್‌ನಲ್ಲಿ ಹಣ ಮತ್ತೆ ಕಾಣಿಸುತ್ತದೆ. ಅದನ್ನು ‘ರದ್ದಾಯಿತು’ ಎಂದು ತಿಳಿಯಬಾರದು. ಸಹಿ ಹಾಕಿದ ಪತ್ರದ ಪ್ರತಿ ಯಾರ ಬಳಿಯಾದರೂ ಇದ್ದರೆ ಮತ್ತೆ ಹರಿಬಿಡಬಹುದು. ನಿಜಕ್ಕೂ ರದ್ದು ಮಾಡಬೇಕೆಂದರೆ ಅದೇ ನಾಣ್ಯವನ್ನು ಹೆಚ್ಚಿನ ಶುಲ್ಕದಲ್ಲಿ ತನ್ನದೇ ವಿಳಾಸಕ್ಕೆ ಕಳಿಸಿ, ಅದು ಬ್ಲಾಕ್ ಸೇರುವವರೆಗೆ ಕಾಯಬೇಕು.

ಬ್ಲಾಕ್ ಸೇರಿದರೆ ಒಂದು ಕನ್‌ಫರ್ಮೇಶನ್. ಅದರ ಮೇಲೆ ಇನ್ನೊಂದು ಬ್ಲಾಕ್ ಕೂತರೆ ಎರಡು. ಒಂದೇ ಸಮಯಕ್ಕೆ ಇಬ್ಬರು ಮೈನರ್‌ಗಳು ಬ್ಲಾಕ್ ಕಟ್ಟಿ ಒಬ್ಬರದು ಬಿದ್ದುಹೋಗುವುದು ಅಪರೂಪಕ್ಕೆ ನಡೆಯುತ್ತದೆ, ಆದ್ದರಿಂದ ದೊಡ್ಡ ಮೊತ್ತಕ್ಕೆ ಆರು ಎಂಬ ವಾಡಿಕೆ ಬಂದಿದೆ. ಸೊನ್ನೆ ಕನ್‌ಫರ್ಮೇಶನ್ ನೋಡಿ ವಸ್ತು ಕೊಟ್ಟವನಿಗೆ ಮಾತ್ರ ಯಾವ ಭರವಸೆಯೂ ಇಲ್ಲ. ಕಳಿಸಿದವನು ಮೇಲೆ ಹೇಳಿದ ಹಾದಿಯಲ್ಲೇ ಹಣವನ್ನು ತನ್ನತ್ತ ತಿರುಗಿಸಿಕೊಳ್ಳಬಹುದು.

ಎಕ್ಸ್‌ಚೇಂಜ್‌ನಿಂದ ಹೊರಟ ಹಣ ಸಿಕ್ಕಿಕೊಂಡರೆ ಗ್ರಾಹಕನ ಕೈಯಲ್ಲಿ ಬದಲಿ ಮಾಡುವ ಅಧಿಕಾರವಿಲ್ಲ, ಏಕೆಂದರೆ ಸಹಿ ಅವರದು. ಆದರೂ ಸ್ವಂತ ವಾಲೆಟ್‌ಗೆ ಬರುತ್ತಿರುವ ಹಣವಾದರೆ ಒಂದು ಉಪಾಯವಿದೆ. ಇನ್ನೂ ಸೇರದ ಆ ಹಣವನ್ನೇ ಭಾರೀ ಶುಲ್ಕದೊಂದಿಗೆ ತನಗೆ ತಾನೇ ಕಳಿಸಿಕೊಳ್ಳುವುದು. ತಾಯಿ ವಹಿವಾಟು ಬ್ಲಾಕ್ ಸೇರದೆ ಮಗು ಸೇರುವಂತಿಲ್ಲ. ಮಗುವಿನ ಶುಲ್ಕದಾಸೆಗೆ ಮೈನರ್ ಎರಡನ್ನೂ ಒಟ್ಟಿಗೆ ತೂಗಿ ಎತ್ತಿಕೊಳ್ಳುತ್ತಾನೆ. ಎರಡರ ಬೈಟುಗಳಿಗೂ ಸಾಲುವಷ್ಟು ಶುಲ್ಕ ಇಟ್ಟಿರಬೇಕು, ಅಷ್ಟೇ. ಎಕ್ಸ್‌ಚೇಂಜ್ ಒಂದೇ ವಹಿವಾಟಿನಲ್ಲಿ ನೂರಾರು ಜನರಿಗೆ ಹಣ ಹಂಚಿದ್ದರೆ ತಾಯಿ ಎಷ್ಟು ಭಾರವಾಗಿರುತ್ತಾಳೆಂದರೆ, ಅವಳನ್ನು ಎತ್ತುವ ಖರ್ಚು ಬರುವ ಹಣವನ್ನೇ ನುಂಗೀತು. ಆಗ ದರ ಇಳಿಯುವವರೆಗೆ ಕಾಯುವುದೇ ಲಾಭ.