ಹಣೆಯ ಗೆರೆ ಹೊಂದದ ಬೀಗಲ್ ಮರಿ

"ದೊಡ್ಡಮ್ಮ, ಇದು ನೋಡಿ. ಬ್ರೂನೋ ಅಂತ ಹೆಸರು!"

ಮೈಸೂರಿನ ತಂಗಿ ಮನೆಗೆ ಭಾನುವಾರದ ಊಟಕ್ಕೆ ಹೋಗಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಅವಳ ಮಗಳು ಫೋನು ಹಿಡಿದು ನಿಂತಿದ್ದಳು. ಬೆಂಗಳೂರಿನದ್ದೆಂದು ಹೇಳಿಕೊಳ್ಳುವ ಒಂದು ವೆಬ್‌ಸೈಟು, ಅದರಲ್ಲಿ ಬೀಗಲ್ ಮರಿಯ ನಾಲ್ಕು ಫೋಟೊ. ಬೆಲೆ 12,000 ರೂಪಾಯಿ. ಅದಕ್ಕೂ ಮೊದಲು ಅವರು ವಿಚಾರಿಸಿದ್ದ ಇಬ್ಬರೂ ಇದರ ಎರಡರಷ್ಟು ಹೇಳಿದ್ದರಂತೆ. ಮರಿಯನ್ನು ಕಾಯ್ದಿರಿಸಲು 3,000 ರೂಪಾಯಿ ಟೋಕನ್ ಅಡ್ವಾನ್ಸ್ ಸಂಜೆಯೊಳಗೆ ಹಾಕಬೇಕಿತ್ತು. ಅವಳ ಅಪ್ಪ ಆಗಲೇ ಯುಪಿಐ ಆ್ಯಪ್ ತೆರೆದು ಕೂತಿದ್ದರು.

"ಅರ್ಧ ಗಂಟೆ ತಡೀರಿ" ಅಂದೆ.

ಬೀದಿಯಲ್ಲಿ ಸಿಕ್ಕ ನಾಯಿಗಳಿಗೆ ಮನೆ ಹುಡುಕಿಕೊಡುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಎರಡು ವರ್ಷದ ಕೆಳಗೆ ನಮ್ಮ ಮನೆಯಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದ ಒಂದು ಲ್ಯಾಬ್ರಡಾರ್ ಮರಿಯ ಫೋಟೊ ನೋಡಿ ಪರಿಚಯವಿಲ್ಲದ ಮಹಿಳೆಯೊಬ್ಬರು ಫೋನ್ ಮಾಡಿದ್ದರು. "ಈ ಮರಿಗೆ ನಾನು ದುಡ್ಡು ಕಟ್ಟಿದ್ದೇನೆ, ಇನ್ನೂ ಬಂದಿಲ್ಲ" ಎಂದು ಅವರ ಅಳಲು. ಯಾರೋ ನನ್ನ ಫೋಟೊ ಕದ್ದು ಬೇರೆ ಹೆಸರಿಟ್ಟು ದತ್ತು ಕೊಡುವುದಾಗಿ ಹಾಕಿದ್ದರು. ಆ ಮರಿ ಅಷ್ಟು ಹೊತ್ತಿಗೆ ಹಾಸನದ ಒಂದು ತೋಟದ ಮನೆ ಸೇರಿ ಆರು ತಿಂಗಳಾಗಿತ್ತು. ಫೋಟೊ ನಿಜ, ಮರಿಯೂ ನಿಜ. ಮಾರುವವನ ಹತ್ತಿರ ಅದು ಇರಲಿಲ್ಲ, ಅಷ್ಟೇ. ಹಾಗಾಗಿ ಫೋಟೊ ಅಸಲಿಯೋ ನಕಲಿಯೋ ಎಂದು ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಈ ಮರಿ ಈ ಹೊತ್ತು ಈ ಮನುಷ್ಯನ ಕೈಯಲ್ಲಿ ಇದೆಯೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ.

ಮೊದಲು ನಾಲ್ಕೂ ಫೋಟೊಗಳನ್ನು ಸುಮ್ಮನೆ ಕಣ್ಣಲ್ಲೇ ನೋಡಿದೆವು. ಬೀಗಲ್ ಮರಿಯ ಹಣೆಯ ಬಿಳಿ ಗೆರೆ ನಮ್ಮ ಹೆಬ್ಬೆರಳಿನ ಗುರುತಿದ್ದಂತೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಮೊದಲ ಫೋಟೊದ ಬ್ರೂನೋಗೆ ಆ ಗೆರೆ ಮೂಗಿನಿಂದ ನೆತ್ತಿಯವರೆಗೆ ಹೋಗಿತ್ತು. ಮೂರನೆಯದರಲ್ಲಿ ಕಣ್ಣುಗಳ ನಡುವೆಯೇ ನಿಂತುಬಿಟ್ಟಿತ್ತು. ಬೆಳೆಯುತ್ತಾ ಹೋದಂತೆ ಈ ಗೆರೆ ಸಪೂರವಾಗುವುದುಂಟು, ಬೆನ್ನಿನ ಕಪ್ಪು ಕಂದಾಗುವುದೂ ಉಂಟು. ಆದರೆ "ಈ ವಾರ ತೆಗೆದದ್ದು" ಎಂದ ಫೋಟೊಗಳ ನಡುವೆ ಹಾಗಾಗುವುದಿಲ್ಲ. ಆಮೇಲೆ ಹಿನ್ನೆಲೆ ನೋಡಿದೆವು. ಎರಡನೆಯ ಫೋಟೊದಲ್ಲಿ ಮರಿಯ ಹಿಂದಿನ ಗೋಡೆಯಲ್ಲಿ ಒಂದು ಪ್ಲಗ್ ಸಾಕೆಟ್ ಇತ್ತು. ಅದರಲ್ಲಿ ನಮ್ಮ ದುಂಡನೆಯ ಮೂರು ತೂತುಗಳ ಬದಲು ನೆಟ್ಟಗೆ ನಿಂತ ಎರಡು ಸೀಳುಗಳು. ಅಮೆರಿಕದ ಮನೆಗಳಲ್ಲಿ ಇರುವಂಥದ್ದು. "ಬೆಂಗಳೂರಿನಲ್ಲಿ ಇದಕ್ಕೆ ಯಾವ ಪ್ಲಗ್ ಹಾಕ್ತಾರೆ?" ಎಂದು ತಂಗಿ ನಕ್ಕಳು. ಅವಳ ಯಜಮಾನರು ಫೋನನ್ನು ಟೇಬಲ್ ಮೇಲೆ ಮಗುಚಿಟ್ಟರು.

ಮುಂದಿನದು ಫೋಟೊದ ಮೂಲ ಹುಡುಕುವುದು. ಮೊಬೈಲಿನ ಕ್ರೋಮ್‌ನಲ್ಲಿ ಚಿತ್ರದ ಮೇಲೆ ಬೆರಳು ಒತ್ತಿ ಹಿಡಿದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕುವ ಆಯ್ಕೆ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಆದರೆ ಉಳಿಸಿಕೊಂಡು ಲೆನ್ಸ್‌ಗೆ ಕೊಡಬೇಕು, ವಿಡಿಯೊ ಆದರೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಕೊಡಬೇಕು. ಬರೀ "ಬೀಗಲ್ ಮರಿ" ಎಂದು ನೂರಾರು ಬೇರೆ ಮರಿಗಳನ್ನು ತೋರಿಸಿದರೆ ಅದರಿಂದ ಉಪಯೋಗವಿಲ್ಲ. ಅದೇ ಗೆರೆ, ಅದೇ ಹಾಸಿಗೆ, ಅದೇ ಗೋಡೆ ಇರುವ ಅದೇ ಚಿತ್ರ ಬೇರೆಡೆ ಸಿಗಬೇಕು. ಕಳ್ಳರು ಚಿತ್ರವನ್ನು ಕನ್ನಡಿಯಂತೆ ಎಡ ಬಲ ತಿರುಗಿಸಿಟ್ಟಿರುತ್ತಾರೆ, ಮೂಲದವರ ಹೆಸರಿರುವ ಅಂಚನ್ನು ಕತ್ತರಿಸಿರುತ್ತಾರೆ. ಹಾಗಾಗಿ ಮೊದಲ ಸಲ ಸಿಗದಿದ್ದರೆ ಫೋನಿನಲ್ಲೇ ಚಿತ್ರವನ್ನು ತಿರುಗಿಸಿ ಇನ್ನೊಮ್ಮೆ ಹುಡುಕಬೇಕು. ಬ್ರೂನೋನ ಮೊದಲ ಫೋಟೊ ಹಾಗೇ ಕೊಟ್ಟಾಗ ಏನೂ ಸಿಗಲಿಲ್ಲ. ತಿರುಗಿಸಿ ಕೊಟ್ಟಾಗ ಅಮೆರಿಕದ ಒಂದು ಕೆನಲ್‌ನ ಹಳೆಯ ಪುಟ ತೆರೆದುಕೊಂಡಿತು. ಅಲ್ಲಿ ಅದು ಹೆಣ್ಣು ಮರಿ, ಹೆಸರೂ ಬೇರೆ.

ಒಂದೇ ಫೋಟೊ ಎರಡು ಕಡೆ ಸಿಕ್ಕ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬಾರದು. ಪ್ರಾಮಾಣಿಕ ಬ್ರೀಡರ್ ಕೂಡ ತನ್ನ ಮರಿಯ ಫೋಟೊವನ್ನು ನಾಲ್ಕು ಕಡೆ ಹಾಕುತ್ತಾನೆ. ಯಾವುದು ಹಳೆಯದು, ಅಲ್ಲಿರುವ ಊರು, ಹೆಸರು, ಫೋನ್ ನಂಬರು ಇಲ್ಲಿಯದಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು. ಟಿನ್‌ಐ ಎಂಬ ಇನ್ನೊಂದು ಹುಡುಕು ತಾಣದಲ್ಲಿ Oldest ಎಂದು ಆರಿಸಿದರೆ ಅದಕ್ಕೆ ಮೊದಲು ಕಂಡ ಪ್ರತಿ ಮೇಲೆ ಬರುತ್ತದೆ. ಇನ್ನೊಂದು ಮಾತು, ಏನೂ ಸಿಗಲಿಲ್ಲವೆಂದರೆ ಫೋಟೊ ಮಾರುವವನದ್ದೇ ಎಂದು ಅರ್ಥವಲ್ಲ. ಫೇಸ್‌ಬುಕ್‌ನ ಖಾಸಗಿ ಗುಂಪಿನಿಂದಲೋ ವಾಟ್ಸ್‌ಆ್ಯಪ್‌ನಿಂದಲೋ ಎತ್ತಿದ ಚಿತ್ರ ಈ ಹುಡುಕಾಟಕ್ಕೆ ಸಿಗುವುದೇ ಇಲ್ಲ. ನನ್ನ ಲ್ಯಾಬ್ರಡಾರ್ ಮರಿಯ ಫೋಟೊ ಸಿಕ್ಕಿದ್ದು ನಾನು ಅದನ್ನು ಎಲ್ಲರಿಗೂ ಕಾಣುವಂತೆ ಹಾಕಿದ್ದರಿಂದ.

ಫೋಟೊದ ನಂತರ ವೆಬ್‌ಸೈಟಿನ ಸರದಿ. "ನಮ್ಮ ಗ್ರಾಹಕರ ಮಾತು" ಎಂಬಲ್ಲಿಂದ ಒಂದು ಉದ್ದನೆಯ ವಾಕ್ಯವನ್ನು ನಕಲು ಮಾಡಿ, ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿದೆವು. ಅಕ್ಷರ ಅಕ್ಷರವೂ ಅದೇ ವಾಕ್ಯ ಇನ್ನೂ ಮೂರು ತಾಣಗಳಲ್ಲಿತ್ತು. ಒಂದರಲ್ಲಿ ಅದೇ ಗ್ರಾಹಕಿ ಪರ್ಷಿಯನ್ ಬೆಕ್ಕನ್ನು ಹೊಗಳಿದ್ದರು! ಇಂಥವರು ಒಂದು ಅಚ್ಚು ಇಟ್ಟುಕೊಂಡು ಹೆಸರು ಬದಲಿಸುತ್ತಾ ಹೋಗುತ್ತಾರೆ. ತಾಣ ಹುಟ್ಟಿದ ದಿನ ನೋಡಲು lookup.icann.org ತೆರೆದು ವಿಳಾಸ ಹಾಕಿದರೆ ಸಾಕು, ಉತ್ತರದಲ್ಲಿ ತಾಣದ ಹೆಸರು ನೋಂದಣಿಯಾದ ತಾರೀಕು ಇರುತ್ತದೆ. "2009ರಿಂದ ನಿಮ್ಮ ಸೇವೆಯಲ್ಲಿ" ಎಂದಿದ್ದ ಆ ತಾಣಕ್ಕೆ 23 ದಿನ ವಯಸ್ಸು. ಹೊಸ ತಾಣವೆಲ್ಲ ಮೋಸದ್ದಲ್ಲ, ಹಳೆಯ ಹೆಸರನ್ನು ಕೊಂಡುಕೊಂಡ ಮೋಸಗಾರರೂ ಇದ್ದಾರೆ. ಆದರೆ ತಾನು ಹೇಳಿದ ವಯಸ್ಸನ್ನೇ ಸುಳ್ಳು ಹೇಳುವವನ ಬೇರೆ ಮಾತು ನಂಬಲು ಕಾರಣವಿರುವುದಿಲ್ಲ. ವಿಳಾಸದ ಪಕ್ಕದ ಬೀಗದ ಗುರುತನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನೀವು ಕಳಿಸಿದ್ದು ದಾರಿಯಲ್ಲಿ ಸೋರುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ತಲುಪುವುದು ಕಳ್ಳನಿಗೋ ಸಾಹುಕಾರನಿಗೋ ಅದಕ್ಕೆ ಗೊತ್ತಿಲ್ಲ.

ಇಷ್ಟಾದರೂ ಹುಡುಗಿಗೆ ಆಸೆ ಬಿಡಲಿಲ್ಲ. ಸರಿ, ಅವರಿಗೇ ಕೇಳೋಣ ಎಂದು ಮೆಸೇಜ್ ಹಾಕಿಸಿದೆ: ಈಗಲೇ ವಿಡಿಯೊ ಕಾಲ್ ಮಾಡಿ, ಮರಿಯ ಎಡ ಕಿವಿ ಎತ್ತಿ ತೋರಿಸಿ, ಅದರ ತಾಯಿಯನ್ನೂ ತೋರಿಸಿ. ಬರೀ ವಿಡಿಯೊ ಕೇಳಿದರೆ ಸಾಲದು, ಕದ್ದ ವಿಡಿಯೊವನ್ನೇ ಓಡಿಸಿ ತೋರಿಸುವವರಿದ್ದಾರೆ. ಮೊದಲೇ ಊಹಿಸಲಾಗದ ಒಂದು ಸಣ್ಣ ಕೆಲಸ ಮಾಡಿಸಬೇಕು. ಉತ್ತರ ಬಂತು: ಕ್ಯಾಮೆರಾ ಕೆಟ್ಟಿದೆ, ಇನ್ನೂ ಮೂವರು ಇದೇ ಮರಿ ಕೇಳುತ್ತಿದ್ದಾರೆ, ಬೇಗ ಟೋಕನ್ ಹಾಕಿ. ಮನೆಗೇ ಬಂದು ನೋಡುತ್ತೇವೆ ಅಂದರೆ, ಸೋಂಕಿನ ಭಯದಿಂದ ಯಾರನ್ನೂ ಒಳಗೆ ಬಿಡುವುದಿಲ್ಲ ಅಂದರು. ಮರಿಗಳಿಗೆ ಪಾರ್ವೊ ಸೋಂಕಿನ ಭಯ ನಿಜವಾದದ್ದೇ. ಆದರೆ ಆ ಭಯ ಇರುವ ಬ್ರೀಡರ್ ಚಪ್ಪಲಿ ಹೊರಗೆ ಬಿಡಿಸಿ, ಕೈ ತೊಳೆಸಿ, ದೂರದಿಂದಲಾದರೂ ತೋರಿಸುತ್ತಾನೆ. ಅಷ್ಟೇ ಅಲ್ಲ, ನಿಮ್ಮ ಮನೆಯಲ್ಲಿ ಹಗಲು ಯಾರಿರುತ್ತಾರೆ, ಬಾಡಿಗೆ ಮನೆಯೇ ಎಂದು ಅವನೇ ನಿಮ್ಮನ್ನು ಕೇಳುತ್ತಾನೆ. ದತ್ತು ಕೊಡುವ ನಾವಂತೂ ಇನ್ನೂ ಜಾಸ್ತಿ ಕೇಳುತ್ತೇವೆ. ಈ ಮನುಷ್ಯ ಕೇಳಿದ್ದು ಒಂದೇ, ದುಡ್ಡು ಯಾವಾಗ ಎಂದು.

ಕಾಗದ ಪತ್ರದ ವಿಷಯಕ್ಕೂ ಬಂದೆವು. 2017ರ ನಾಯಿ ಸಂತಾನೋತ್ಪಾದನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಬ್ರೀಡರ್ ತನ್ನ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. "35 ದಿನದ ಮರಿ, ಇವತ್ತೇ ಕೊಡುತ್ತೇವೆ" ಎಂಬ ಜಾಹೀರಾತು ಮೋಸವಲ್ಲದಿದ್ದರೂ ನಿಯಮ ಮೀರಿದ್ದು. ನೋಂದಣಿ ಸಂಖ್ಯೆ ಕೇಳಿ, ಮಂಡಳಿಗೆ ವಿಚಾರಿಸಿ. ಲಸಿಕೆ ಪುಸ್ತಕದ ಫೋಟೊ ಕಳಿಸಿದರೆ ಅದರಲ್ಲಿರುವ ಪಶುವೈದ್ಯರ ಮೊಹರಿನ ಹೆಸರನ್ನು ನೀವೇ ಹುಡುಕಿ ಅವರ ಕ್ಲಿನಿಕ್ಕಿಗೆ ಫೋನ್ ಮಾಡಿ. ಮಾರುವವನೇ ಕೊಟ್ಟ ನಂಬರಿಗೆ ಮಾಡಿದರೆ ಫೋನ್ ಎತ್ತುವವನೂ ಅವನೇ ಆಗಿರಬಹುದು.

3,000 ರೂಪಾಯಿ ತಾನೇ, ಹೋದರೆ ಹೋಗಲಿ ಎನ್ನುವವರಿಗೆ ನನಗೆ ಫೋನ್ ಮಾಡಿದ್ದ ಆ ಮಹಿಳೆಯ ಕಥೆ ಹೇಳಬೇಕು. ಅವರಿಗೆ ಮರಿ ಉಚಿತ, ಸಾಗಣೆ ಖರ್ಚು 2,500 ಮಾತ್ರ ಅಂದಿದ್ದರು. ಅದು ಕಟ್ಟಿದ ಮೇಲೆ "ಪೆಟ್ ಟ್ರಾನ್ಸ್‌ಪೋರ್ಟ್" ಹೆಸರಿನ ಬೇರೊಬ್ಬನ ಫೋನ್ ಬಂತು. ಎಸಿ ಪೆಟ್ಟಿಗೆಗೆ 6,000, ಮರಿ ತಲುಪಿದ ಮೇಲೆ ವಾಪಸ್. ಆಮೇಲೆ ವಿಮೆಗೆ 8,500, ಅದೂ ವಾಪಸ್. ಕೊನೆಗೆ "ಮರಿ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡಿದೆ, ಊಟ ಬಿಟ್ಟಿದೆ" ಎಂದು ಇನ್ನೊಂದು ಕಂತು. ಮೊದಲು ಕಟ್ಟಿದ್ದು ಹೋಗಬಾರದೆಂದು ಜನ ಮತ್ತೆ ಕಟ್ಟುತ್ತಾರೆ, ಟೋಕನ್ ಸಣ್ಣದಾಗಿರುವುದು ಅದಕ್ಕೇ. ಬೇರೆ ದೇಶಗಳಲ್ಲೂ ಇದೇ ದಂಧೆ ಇದೆ. ಕ್ಯಾಮರೂನ್‌ನಲ್ಲಿ ಕೂತು ಬ್ಯಾಸೆಟ್ ಹೌಂಡ್ ಮರಿಗಳ ಸುಳ್ಳು ತಾಣ ನಡೆಸುತ್ತಿದ್ದಾನೆಂದು 2022ರ ಏಪ್ರಿಲ್‌ನಲ್ಲಿ ಗೂಗಲ್ ಕಂಪನಿಯೇ ಒಬ್ಬನ ಮೇಲೆ ಅಮೆರಿಕದ ಕೋರ್ಟಿನಲ್ಲಿ ದಾವೆ ಹೂಡಿತ್ತು.

ಆ ಮಹಿಳೆಗೆ ಒಂದು ಏರ್‌ವೇ ಬಿಲ್ ನಂಬರನ್ನೂ ಕಳಿಸಿದ್ದರು. ಈ ನಂಬರಿನಲ್ಲಿ ಮೊದಲ ಮೂರು ಅಂಕಿ ವಿಮಾನ ಕಂಪನಿಯದು, ಏರ್ ಇಂಡಿಯಾಕ್ಕೆ 098. ಆಮೇಲೆ ಎಂಟು ಅಂಕಿ. ಅದರಲ್ಲಿ ಮೊದಲ ಏಳನ್ನು ಒಂದು ಸಂಖ್ಯೆಯಾಗಿ ತೆಗೆದುಕೊಂಡು 7ರಿಂದ ಭಾಗಿಸಿದರೆ ಉಳಿಯುವ ಶೇಷವೇ ಎಂಟನೆಯ ಅಂಕಿ. ಉದಾಹರಣೆಗೆ 1234567ನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ, ಹಾಗಾಗಿ 12345675 ಲೆಕ್ಕಕ್ಕೆ ಸರಿ. ಅವರಿಗೆ ಬಂದಿದ್ದ ನಂಬರು 9ರಲ್ಲಿ ಮುಗಿದಿತ್ತು. 7ರಿಂದ ಭಾಗಿಸಿದಾಗ 9 ಉಳಿಯುವುದೆಲ್ಲಿಂದ ಬಂತು? ಲೆಕ್ಕ ಸರಿ ಬಂದರೂ ಆ ನಂಬರನ್ನು ವಿಮಾನ ಕಂಪನಿಯ ಸ್ವಂತ ಕಾರ್ಗೊ ಪುಟದಲ್ಲಿ ಹಾಕಿ ನೋಡಬೇಕು. ಮಾರುವವನು ಕಳಿಸಿದ ಲಿಂಕಿನಲ್ಲಿ ಮರಿ ನಾಗಪುರ ದಾಟಿತು, ಹೈದರಾಬಾದ್ ದಾಟಿತು ಎಂದು ತೋರಿಸಿದರೆ ಆ ನಕ್ಷೆಯೂ ಅವನದ್ದೇ.

ದುಡ್ಡು ಕಳಿಸಿಯಾಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲೇ. ಯುಪಿಐ ವಹಿವಾಟಿನ ಸಂಖ್ಯೆ, ಚಾಟ್, ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. "ಹಣ ವಾಪಸ್ ಮಾಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎಂದರೆ ಹಾಕಬೇಡಿ. ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ.

ತಿಂಗಳ ನಂತರ ನಂಜನಗೂಡು ರಸ್ತೆಯ ಒಂದು ಮನೆಗೆ ತಂಗಿಯ ಸಂಸಾರದ ಜೊತೆ ನಾನೂ ಹೋಗಿದ್ದೆ. ಚಪ್ಪಲಿ ಹೊರಗೆ ಬಿಡಿಸಿದರು, ಕೈ ತೊಳೆಸಿದರು. ತಾಯಿ ಬೀಗಲ್ ಬಾಗಿಲಲ್ಲೇ ನಿಂತು ನಮ್ಮನ್ನು ಬೊಗಳಿತು. ಮರಿಯನ್ನು ಮಡಿಲಿಗೆ ಕೊಟ್ಟಾಗ ಹುಡುಗಿ ಮುದ್ದು ಮಾಡಲಿಲ್ಲ. ಫೋನು ತೆಗೆದು, ಅವರು ಮೊದಲು ಕಳಿಸಿದ್ದ ಫೋಟೊವನ್ನು ಮರಿಯ ಮುಖದ ಪಕ್ಕ ಹಿಡಿದು, ಹಣೆಯ ಗೆರೆಯನ್ನು ಬೆರಳಲ್ಲಿ ಮೂಗಿನಿಂದ ಮೇಲಕ್ಕೆ ಎಳೆದು ನೋಡಿದಳು. "ಇದೇ ಅಪ್ಪ, ಈಗ ಕೊಡಿ" ಅಂದಳು.