ಮಿಕ್ಸಿ ನಿಂತಾಗ ಕೈಪಿಡಿಯ ಕೊನೇ ಪುಟ

ಊರಿಂದ ಅಮೆರಿಕಕ್ಕೆ ಸೂಟ್‌ಕೇಸಿನಲ್ಲಿ ಮಿಕ್ಸಿ ಹೊತ್ತು ತಂದವರಲ್ಲಿ ನಾವೂ ಒಬ್ಬರು. ಹೋದ ಶನಿವಾರ ಇಡ್ಲಿಗೆ ಉದ್ದಿನಬೇಳೆ ರುಬ್ಬುತ್ತಿದ್ದಾಗ ಅದು ಟಪ್ ಅಂತ ನಿಂತುಹೋಯ್ತು. ಆಗ ಕೈಪಿಡಿ ಹುಡುಕಿದೆವು.

ಕೊನೇ ಪುಟದ ಕೋಷ್ಟಕದಲ್ಲಿ ಮೂರು ಅಂಕಣ: ತೊಂದರೆ, ಕಾರಣ, ಪರಿಹಾರ. "ಮೋಟಾರ್ ಓಡುತ್ತಿಲ್ಲ" ಎಂಬುದರ ಎದುರಿಗೆ "ಓವರ್‌ಲೋಡ್", ಅದರಾಚೆ "ಜಾರ್ ಖಾಲಿ ಮಾಡಿ, ಕಾಯಿರಿ, ಕೆಂಪು ಗುಂಡಿ ಒತ್ತಿ". ನಾವು ನೇರ ಗುಂಡಿಗೇ ಕೈ ಹಾಕಿದೆವು. ಅದು ನಿಲ್ಲಲೇ ಇಲ್ಲ, ಹೊರಗೇ ಬಂತು.

ಯಾಕೆ? ಗುಂಡಿಯ ಹಿಂದೆ ಎರಡು ಲೋಹಗಳನ್ನು ಅಂಟಿಸಿದ ಪಟ್ಟಿ ಇರುತ್ತೆ. ಕರೆಂಟ್ ಹೆಚ್ಚಾದರೆ ಅದು ಬಿಸಿಯಾಗಿ ಬಾಗಿ, ಸಂಪರ್ಕ ಕಡಿಯುತ್ತೆ. ತಣ್ಣಗಾಗದೆ ಮತ್ತೆ ನೆಟ್ಟಗಾಗಲ್ಲ. ಹಾಗಾಗಿ "ಕಾಯಿರಿ" ಎನ್ನುವ ಮಾತೇ ಪರಿಹಾರದ ಮುಖ್ಯ ಭಾಗ. ಬಲವಂತವಾಗಿ ಪದೇಪದೇ ಒತ್ತಿದರೆ, ಮೋಟಾರಿನ ತಂತಿಗೆ ಬಳಿದಿರುವ ವಾರ್ನಿಷ್ ಸುಡುತ್ತಾ ಹೋಗುತ್ತೆ. ಆ ಸುಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಓವರ್‌ಲೋಡ್ ಆಗಿದ್ದಾದರೂ ಯಾಕೆ? ಮಿಕ್ಸಿಯ ಬೆನ್ನಿನ ಫಲಕ ನೋಡಿದೆವು: 230 ವೋಲ್ಟ್, 750 ವ್ಯಾಟ್, 30 ನಿಮಿಷ. ಈ 30 ನಿಮಿಷ ಒಂದೇ ಸಮನೆ ಓಡಿಸೋಕಲ್ಲ. ನಮ್ಮ ಕೈಪಿಡಿಯ ಪ್ರಕಾರ 5 ನಿಮಿಷ ಓಡಿಸಿ 2 ನಿಮಿಷ ಬಿಡಬೇಕು, ಹೀಗೆ ಒಟ್ಟು 30. ನಾವು ನೀರು ಕಮ್ಮಿ ಹಾಕಿ, ಜಾರ್ ತುಂಬ ಬೇಳೆ ತುಂಬಿ, ಬಿಡುವೇ ಕೊಟ್ಟಿರಲಿಲ್ಲ.

ಇಲ್ಲಿನ ಮನೆಗಳಲ್ಲಿ ಬರೋದು 120 ವೋಲ್ಟ್. ನೇರವಾಗಿ ಚುಚ್ಚಿದರೂ ಮಿಕ್ಸಿ ತಿರುಗೀತು, ಆದರೆ ನಿಧಾನವಾಗಿ. ಗಟ್ಟಿ ಹಿಟ್ಟಿನಲ್ಲಿ ಸಿಕ್ಕಿಕೊಳ್ಳುತ್ತೆ. ಒಳಗಿನ ಫ್ಯಾನೂ ಅದೇ ಮೋಟಾರಿನಿಂದ ತಿರುಗೋದರಿಂದ ತಂಪೂ ಸಿಗಲ್ಲ. ಅದಕ್ಕೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಶುರುವಾಗುವ ಕ್ಷಣ ಮೋಟಾರ್ ಹೆಚ್ಚು ಕರೆಂಟ್ ಎಳೆಯೋದರಿಂದ ನಾವು 750ರ ದುಪ್ಪಟ್ಟು, 1500 ವ್ಯಾಟಿನದನ್ನೇ ಇಟ್ಟಿದ್ದೇವೆ. ಬ್ರಿಟನ್, ಜರ್ಮನಿಯಲ್ಲಿರುವವರಿಗೆ ಈ ತಾಪತ್ರಯವಿಲ್ಲ. ಅಲ್ಲೂ 230 ವೋಲ್ಟೇ.

ಫಲಕದಲ್ಲಿ ಇನ್ನೊಂದು ಗುರುತು ಹುಡುಕಿ: ಚೌಕದೊಳಗೆ ಚೌಕ. ಅದಿದ್ದರೆ ಎರಡು ಪದರದ ನಿರೋಧನ ಇದೆ, ಅರ್ತಿಂಗ್ ಬೇಡ ಎಂದರ್ಥ. ನಮ್ಮದರಲ್ಲಿ ಅದಿಲ್ಲ, ಪ್ಲಗ್ಗಿಗೆ ಮೂರು ಪಿನ್. ಅಂಥದ್ದನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದರೆ ಅರ್ತಿಂಗ್ ತಪ್ಪಿಹೋಗುತ್ತೆ. ಆಮೇಲೆ ಒಳಗೆ ತಂತಿ ಸಡಿಲವಾಗಿ ಲೋಹದ ಭಾಗಕ್ಕೆ ತಗುಲಿದರೆ, ಮುಟ್ಟಿದವರಿಗೆ ಶಾಕ್.

ಹತ್ತು ನಿಮಿಷ ಬಿಟ್ಟು ಒತ್ತಿದಾಗ ಗುಂಡಿ ಕೂತಿತು. ಅರ್ಧ ಬೇಳೆ ತೆಗೆದು, ನೀರು ಸೇರಿಸಿ ರುಬ್ಬಿದೆವು, ಮತ್ತೆ ನಿಲ್ಲಲಿಲ್ಲ. ಅಂದರೆ ತಪ್ಪು ಲೋಡಿನದೇ. ಖಾಲಿ ಜಾರ್ ಇಟ್ಟಾಗಲೂ ನಿಂತಿದ್ದರೆ? ಪ್ಲಗ್ ಕಿತ್ತು, ಜಾರ್ ತೆಗೆದು, ತಳದ ಕಪ್ಲರನ್ನು ಕೈಯಿಂದ ತಿರುಗಿಸಿ ನೋಡಬೇಕಿತ್ತು. ಬಿಗಿಯಾಗಿದ್ದರೆ ತೊಂದರೆ ಜಾರಿನದು. ಸಲೀಸಾಗಿ ತಿರುಗಿದರೆ ತೊಂದರೆ ಮೋಟಾರಿನದು, ಆಗ ಕೋಷ್ಟಕದ ಕೊನೇ ಸಾಲು: "ಸರ್ವೀಸಿನವರನ್ನು ಸಂಪರ್ಕಿಸಿ". ಅಂದರೆ, ಇಲ್ಲಿಂದಾಚೆ ನೀವು ಬಿಚ್ಚಬೇಡಿ.